F9 ಒತ್ತಿದರೆ ಉತ್ತರ ಯಾಕೆ ಬದಲಾಗುತ್ತದೆ?

ಕಳೆದ ತಿಂಗಳು ನಮ್ಮ ತರಗತಿಯಲ್ಲಿ ಸಿಇಟಿ ಬಗ್ಗೆ ಒಂದು ವಾದ ಹುಟ್ಟಿತು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. "ಕೊನೆಗೆ ಹತ್ತು ಪ್ರಶ್ನೆ ಉಳಿದರೆ ಕಣ್ಣು ಮುಚ್ಚಿ ಗುರುತು ಹಾಕಿದರಾಯ್ತು, ನಾಲ್ಕಾದರೂ ಸರಿ ಆಗ್ತಾವ" ಎಂದ ಗೆಳೆಯ. ನನಗೆ ನಂಬಿಕೆ ಬರಲಿಲ್ಲ. ಲ್ಯಾಬಿಗೆ ಹೋದಾಗ ಇಬ್ಬರೂ ಸ್ಪ್ರೆಡ್‌ಶೀಟಿನಲ್ಲಿ ಪರೀಕ್ಷಿಸಿದೆವು.

RANDBETWEEN(1,4) ಎಂಬ ಫಂಕ್ಷನ್ 1ರಿಂದ 4ರವರೆಗಿನ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಕೊಡುತ್ತದೆ. 1 ಬಂದರೆ ಉತ್ತರ ಸರಿ, ಉಳಿದದ್ದು ಬಂದರೆ ತಪ್ಪು ಎಂದು ಇಟ್ಟುಕೊಂಡೆವು. A1ರಿಂದ J1ರವರೆಗಿನ ಹತ್ತು ಕೋಶಗಳು ಹತ್ತು ಪ್ರಶ್ನೆಗಳು. ಪ್ರತಿಯೊಂದರಲ್ಲೂ ಮೊದಲ ಸೂತ್ರ, K1ರಲ್ಲಿ ಎರಡನೆಯದು:

```
=IF(RANDBETWEEN(1,4)=1,1,0)
=SUM(A1:J1)
```

ಈ ಸಾಲು ಒಬ್ಬ ವಿದ್ಯಾರ್ಥಿಯ ಊಹೆ. ಅದನ್ನು 200ನೇ ಸಾಲಿನವರೆಗೆ ಎಳೆದು, M1ರಲ್ಲಿ ನಾಲ್ಕು ಅಥವಾ ಹೆಚ್ಚು ಸರಿಯಾದವರ ಪಾಲನ್ನು ಲೆಕ್ಕ ಹಾಕಿದೆವು:

```
=COUNTIF(K1:K200,">=4")/200
```

ನನಗೆ 0.265 ಬಂತು, ಗೆಳೆಯನಿಗೆ 0.19. ನಾನು 0.265 ಎಂದೇ ರೆಕಾರ್ಡಿನಲ್ಲಿ ಬರೆದೆ. ಮರುದಿನ ಸರ್ ಎದುರು ಫೈಲ್ ತೆರೆದಾಗ ಪರದೆಯ ಮೇಲೆ 0.235 ಇತ್ತು. "ಇದು ಎಲ್ಲಿಂದ ಬರದಿ?" ಎಂದು ಕೇಳಿದರು. ನಾನು ಸುಳ್ಳು ಬರೆದಂತೆ ಕಂಡಿತು. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಸಾಮಾನ್ಯ ಸೂತ್ರ ತಾನು ನೋಡುವ ಕೋಶ ಬದಲಾದಾಗ ಮಾತ್ರ ಮತ್ತೆ ಲೆಕ್ಕ ಮಾಡುತ್ತದೆ. RAND ಮತ್ತು RANDBETWEEN ಹಾಗಲ್ಲ. ಹಾಳೆಯ ಯಾವುದೇ ಕೋಶದಲ್ಲಿ ಏನು ಟೈಪ್ ಮಾಡಿದರೂ, F9 ಒತ್ತಿದರೂ, ಫೈಲ್ ಮತ್ತೆ ತೆರೆದರೂ ಅವು ಹೊಸ ಸಂಖ್ಯೆ ಕೊಡುತ್ತವೆ. ಅಂದರೆ ನಾನು ನೋಡಿದ್ದು ಹಳೆಯ 200 ಜನರನ್ನಲ್ಲ, ಹೊಸ 200 ಜನರನ್ನು. ಒಂದು ಸಲದ ಫಲಿತಾಂಶ ಉಳಿಸಬೇಕಾದರೆ ಕೋಶಗಳನ್ನು ಕಾಪಿ ಮಾಡಿ, Paste Special ನಲ್ಲಿ Values ಆರಿಸಿ ಅಂಟಿಸಬೇಕು. ಆಗ ಸೂತ್ರ ಹೋಗಿ ಸಂಖ್ಯೆ ಮಾತ್ರ ಉಳಿಯುತ್ತದೆ.

ಆದರೆ 0.19 ಸರಿಯೋ, 0.265 ಸರಿಯೋ? ಎರಡೂ ಅಂದಾಜುಗಳೇ. ಅಂದಾಜು ಸಾಮಾನ್ಯವಾಗಿ ಎಷ್ಟು ಓಲಾಡುತ್ತದೆ ಎಂದು ತಿಳಿಯಲು ಒಂದು ಸೂತ್ರವಿದೆ. p ಎಂದರೆ ಸಿಕ್ಕ ಪಾಲು, n ಎಂದರೆ ಸಾಲುಗಳ ಸಂಖ್ಯೆ:

```
=SQRT(p*(1-p)/n)
```

p = 0.235, n = 200 ಹಾಕಿದರೆ ಸುಮಾರು 0.03 ಬರುತ್ತದೆ. ನೂರರಲ್ಲಿ ಸುಮಾರು 95 ಸಲ ಅಂದಾಜು ನಿಜವಾದ ಬೆಲೆಯಿಂದ ಇದರ ಎರಡು ಪಟ್ಟು, ಅಂದರೆ 0.06ರ ಒಳಗೇ ಇರುತ್ತದೆ. ಹಾಗಾಗಿ ನಮ್ಮಿಬ್ಬರ ಉತ್ತರ ಬೇರೆಯಾದದ್ದು ತಪ್ಪಿನಿಂದಲ್ಲ. ಯಾರಿಗಾದರೂ 0.45 ಬಂದಿದ್ದರೆ ಮಾತ್ರ ಸೂತ್ರದಲ್ಲೇ ಎಡವಟ್ಟಾಗಿದೆ ಎಂದು ಹುಡುಕಬೇಕಿತ್ತು.

ಇಲ್ಲಿ ಒಂದು ಆಸೆ ಕಾಡುತ್ತದೆ: ಬೇಕಾದ ಸಂಖ್ಯೆ ಬರುವವರೆಗೆ F9 ಒತ್ತಿ, ಅಲ್ಲಿ ನಿಲ್ಲಿಸಿ ಬರೆದುಬಿಡುವುದು. ಹಾಗೆ ಮಾಡಿದರೆ ಅದು ಪ್ರಯೋಗವಲ್ಲ, ಆಯ್ಕೆ. ನಾನು ಎರಡನೇ ಸಲ ಹತ್ತು ಬಾರಿ F9 ಒತ್ತಿ, ಬಂದದ್ದನ್ನೆಲ್ಲ ಬಿಡದೆ ಬರೆದೆ: 0.215, 0.25, 0.19, 0.235, 0.245, 0.265, 0.22, 0.205, 0.24, 0.225. ಸರಾಸರಿ 0.229. ಇದು 2000 ಸಾಲುಗಳಿಗೆ ಸಮ, ಆದ್ದರಿಂದ ಓಲಾಟ 0.01ಕ್ಕಿಂತ ಕಡಿಮೆ. ಓಲಾಟ ಹತ್ತನೇ ಒಂದು ಭಾಗಕ್ಕೆ ಇಳಿಯಬೇಕಾದರೆ ಸಾಲುಗಳು ನೂರು ಪಟ್ಟಾಗಬೇಕು ಎಂಬುದನ್ನೂ ಸೂತ್ರದ ವರ್ಗಮೂಲವೇ ಹೇಳುತ್ತದೆ.

ಈ ಲೆಕ್ಕಕ್ಕೆ ದ್ವಿಪದ ಹಂಚಿಕೆಯಿಂದ ನಿಖರ ಉತ್ತರವೂ ಸಿಗುತ್ತದೆ: 0.2241. ಅಂದರೆ ಹತ್ತರಲ್ಲಿ ನಾಲ್ಕು ಸರಿಯಾಗುವ ಭಾಗ್ಯ ನೂರು ಜನರಲ್ಲಿ 22 ಮಂದಿಗಷ್ಟೇ. ಗೆಳೆಯನ "ನಾಲ್ಕಾದರೂ" ನಿಲ್ಲಲಿಲ್ಲ.

ಕೊನೆಗೆ ಅವನೇ ಒಂದು ಪ್ರಶ್ನೆ ಹಾಕಿದ: "ಪ್ರತಿ ಪ್ರಶ್ನೆಯೊಳಗ ಒಂದು ತಪ್ಪು ಆಯ್ಕೆ ಗೊತ್ತಿದ್ರ?" ಸೂತ್ರದಲ್ಲಿ 4ರ ಬದಲು 3 ಹಾಕಿದೆವು. ಪಾಲು 0.44ರ ಆಸುಪಾಸಿಗೆ ಏರಿತು, ಸುಮಾರು ಎರಡು ಪಟ್ಟು. ಒಂದು ಆಯ್ಕೆಯನ್ನು ತೆಗೆದುಹಾಕುವಷ್ಟು ಓದಿದ್ದರೂ ಎಷ್ಟು ಲಾಭ ಎಂದು ಆ ಹಾಳೆ ತೋರಿಸಿತು. ರೆಕಾರ್ಡಿನಲ್ಲಿ ಈಗ 0.265 ಹೊಡೆದುಹಾಕಿ ಹೀಗೆ ಬರೆದಿದ್ದೇನೆ: 2000 ಸಾಲು, ಅಂದಾಜು 0.229, ಎರಡೂ ಕಡೆ 0.02ರ ವ್ಯತ್ಯಾಸ ಸಾಧ್ಯ. ಸರ್ ಸಹಿ ಹಾಕಿದರು.