ಹಬ್ಬದ ಮನವಿ: ಒಂದು ಮಾತು, ಎರಡು ಭಾಷೆ

ಶಾಲೆಗಾಗಿ ಹಬ್ಬದ ದಿನಗಳಲ್ಲಿ ಮನವಿಪತ್ರ ಬರೆಯುವವರಿಗೆ ನಮ್ಮ ಗಡಿನಾಡಿನಲ್ಲಿ ಒಂದು ತೊಡಕುಂಟು. ಊರಿನಲ್ಲಿರುವ ಹಿರಿಯರು ಕನ್ನಡವನ್ನು ಓದುತ್ತಾರೆ. ದೂರದ ನಗರಗಳಿಗೆ ಹೋಗಿ ನೆಲೆಸಿದ ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಅನೇಕರು ಇಂಗ್ಲಿಷನ್ನು ಮಾತ್ರ ಓದಬಲ್ಲರು. ಒಂದೇ ಮನವಿ ಇಬ್ಬರಿಗೂ ಒಂದೇ ದನಿಯಲ್ಲಿ ಕೇಳಿಸಬೇಕಾದರೆ ಏನು ಮಾಡಬೇಕೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಸಂಕ್ರಾಂತಿಯ ಮನವಿಯೊಂದನ್ನು ಹೀಗೆ ಬರೆದೆವೆನ್ನಿ: "ಮಾನ್ಯರೇ, ಎಳ್ಳು ಬೀರುವ ಹಬ್ಬ ಬಂದಿದೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡುವ ಈ ದಿನ ತಾವು ನಮ್ಮ ಮಕ್ಕಳ ವಾಚನಾಲಯಕ್ಕೂ ಒಂದು ಪುಸ್ತಕವನ್ನು ಬೀರಬೇಕು. ಪುಸ್ತಕವೊಂದರ ಬೆಲೆ 200 ರೂಪಾಯಿ. ಜನವರಿ 31ರೊಳಗೆ ತಲುಪಿಸಬೇಕು."

ಇದನ್ನು ಇಂಗ್ಲಿಷಿಗೆ ತರುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು: ಬರೆದವನು ಓದುಗನ ಮುಂದೆ ಯಾವ ನಿಲುವಿನಲ್ಲಿದ್ದಾನೆ? ಎಳ್ಳು ಬೀರುವ ಹುಡುಗಿ ನೆರೆಮನೆಗೆ ಹೋಗಿ ಕೊಡುತ್ತಾಳೆ, ಆ ಮನೆಯವರು ಕೊಟ್ಟುದನ್ನು ತರುತ್ತಾಳೆ. ಅಲ್ಲಿ ದಾನಿಯೂ ಇಲ್ಲ, ಬೇಡುವವನೂ ಇಲ್ಲ. ನಮ್ಮ ಮನವಿಯ ದನಿ ಇದೇ. ಭಾಷಾಂತರದಲ್ಲಿ ಉಳಿಸಬೇಕಾದದ್ದು ಈ ನೆರೆಹೊರೆಯ ಸಮಾನತೆಯನ್ನು. ಪದಗಳು ಆಮೇಲಿನ ಮಾತು.

ಮೊದಲು ಎಡವುವುದು 'ಬೇಕು' ಎಂಬ ಪದದಲ್ಲಿ. 'ತಾವು ಬರಬೇಕು' ಎಂದರೆ ಕನ್ನಡದಲ್ಲಿ ಅದು ಆದರದ ಆಹ್ವಾನ; ಲಗ್ನಪತ್ರಿಕೆಗಳಲ್ಲಿ ನಿತ್ಯವೂ ಕಾಣುವ ಮಾತು. ಅದನ್ನೇ 'ಯು ಮಸ್ಟ್ ಗಿವ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಸರಕಾರದ ತೆರಿಗೆ ವಸೂಲಿಯಂತೆ ಕೇಳುತ್ತದೆ. ಕನ್ನಡದಲ್ಲಿ 'ತಾವು' ಎಂಬುದು ಹೊತ್ತ ಗೌರವವನ್ನು ಹೊರಲು ಇಂಗ್ಲಿಷಿನಲ್ಲಿ ಬೇರೆ ಸರ್ವನಾಮವಿಲ್ಲ. ಆದುದರಿಂದ ಅಲ್ಲಿ ವಾಕ್ಯವನ್ನೇ ಪ್ರಶ್ನೆಯಾಗಿ ತಿರುಗಿಸಬೇಕಾಗುತ್ತದೆ: 'ವಿಲ್ ಯು?' ಎಂದು. ಇದರ ವಿಲೋಮವೂ ನಿಜ. ಇಂಗ್ಲಿಷಿನ 'ಪ್ಲೀಸ್' ಬಂದಲ್ಲೆಲ್ಲ 'ದಯವಿಟ್ಟು' ಎಂದು ಹಾಕುತ್ತ ಹೋದರೆ ಕನ್ನಡವು ಕಚೇರಿಯ ಗೋಡೆಯ ಸೂಚನೆಯಾಗಿಬಿಡುತ್ತದೆ.

ಎರಡನೆಯದು ಎಳ್ಳು ಬೆಲ್ಲದ ಮಾತು. ಎಳ್ಳು, ಬೆಲ್ಲ, ಒಳ್ಳೆ ಎಂಬಲ್ಲಿನ ದ್ವಿತ್ವದ ನಾದ ಇಂಗ್ಲಿಷಿಗೆ ದಾಟುವುದಿಲ್ಲ. ಆ ಆಸೆಯನ್ನು ಬಿಡುವುದು ಲೇಸು. ಸೊಲ್ಲಾಪುರ, ಅಕ್ಕಲಕೋಟೆಗಳ ಮಕ್ಕಳು ಮರಾಠಿಯಲ್ಲಿಯೂ ತಿಳಗುಳ ಕೊಟ್ಟು ಸಿಹಿಮಾತು ಕೋರುವುದನ್ನು ಕೇಳಿರುತ್ತಾರೆ. ಅಲ್ಲಿ ಆಚಾರ ಒಂದೇ ಆದುದರಿಂದ ಮಾತು ಸುಲಭವಾಗಿ ದಾಟುತ್ತದೆ. ಇಂಗ್ಲಿಷ್ ಓದುಗನಿಗಾದರೋ ಆಚಾರವೇ ತಿಳಿಯದು. ಅವನಿಗೆ 'ಎಳ್ಳು ತಿನ್ನು, ಒಳ್ಳೆಯದನ್ನು ಮಾತಾಡು' ಎಂದು ಪದಶಃ ಹೇಳಿದರೆ, 'ನಾನು ಇದುವರೆಗೆ ಕೆಟ್ಟದ್ದನ್ನು ಆಡಿದೆನೆ?' ಎಂದು ಹುಬ್ಬೇರಿಸಿಯಾನು. ಆದುದರಿಂದ ಆಜ್ಞೆಯನ್ನು ಬಿಟ್ಟು ಆಚಾರವನ್ನು ಒಂದು ವಾಕ್ಯದಲ್ಲಿ ಕಾಣಿಸಬೇಕು: 'ಅಟ್ ಸಂಕ್ರಾಂತಿ, ನೇಬರ್ಸ್ ಕ್ಯಾರಿ ಸೆಸಮಿ ಅಂಡ್ ಜಾಗರಿ ಟು ಒನ್ ಅನದರ್ಸ್ ಡೋರ್ಸ್, ವಿತ್ ಎ ವಿಶ್ ಫಾರ್ ಕೈಂಡ್ ವರ್ಡ್ಸ್.' ನೆರೆಯವರು ಎಳ್ಳು ಬೆಲ್ಲವನ್ನು ಪರಸ್ಪರರ ಬಾಗಿಲಿಗೆ ಒಯ್ದು ಒಳ್ಳೆಯ ಮಾತನ್ನು ಹಾರೈಸುತ್ತಾರೆ ಎಂದು ಇದರ ಅರ್ಥ. ಕನ್ನಡಕ್ಕಿಂತ ಇದು ಉದ್ದವಾಯಿತು, ಆಗಲಿ. ಕನ್ನಡ ಓದುಗನಿಗೆ ಇಷ್ಟು ವಿವರಿಸಿದರೆ ಅವನ ಮನೆಯ ಹಬ್ಬವನ್ನು ಅವನಿಗೇ ಪಾಠ ಹೇಳಿದಂತಾಗುತ್ತದೆ.

ಇನ್ನು 'ಬೀರು.' ಪುಸ್ತಕವನ್ನು ಬೀರುವುದೆಂಬಲ್ಲಿ ಕನ್ನಡಕ್ಕೆ ಹಬ್ಬದ ಸೊಗಸು ಬಂದಿದೆ. ಇಂಗ್ಲಿಷಿನ 'ಸ್ಪ್ರೆಡ್' ಪುಸ್ತಕಕ್ಕೆ ಹೊಂದದು. ತಟ್ಟೆಯಲ್ಲಿ ಒಂದು ಪುಸ್ತಕವನ್ನೂ ಇಡಿ ಎನ್ನೋಣವೆಂದರೆ, ಇಂಗ್ಲಿಷಿನಲ್ಲಿ ತಟ್ಟೆಗೆ ಹಾಕುವುದೆಂದರೆ ಇಗರ್ಜಿಯಲ್ಲಿ ಕಾಣಿಕೆ ಎತ್ತುವ ತಟ್ಟೆಯ ನೆನಪು ಬಂದೀತು! 'ದಿಸ್ ಇಯರ್, ವಿಲ್ ಯು ಲೆಟ್ ಎ ಬುಕ್ ಗೋ ವಿತ್ ದೆಮ್?' ಎಂದರೆ, ಎಳ್ಳು ಬೆಲ್ಲಗಳೊಡನೆ ಒಂದು ಪುಸ್ತಕವೂ ಹೋಗಲಿ ಎಂಬ ಭಾವ ಸಹಜವಾಗಿ ಬರುತ್ತದೆ.

ಇಂಗ್ಲಿಷ್ ಮನವಿಗಳಲ್ಲಿ 'ಪೂರ್ ಚಿಲ್ಡ್ರನ್' ಎಂಬ ಮಾತು ತಾನಾಗಿ ನುಸುಳುವುದುಂಟು. ಮೂಲದಲ್ಲಿ 'ನಮ್ಮ ಮಕ್ಕಳು' ಎಂದಿದೆ, 'ಬಡಮಕ್ಕಳು' ಎಂದಿಲ್ಲ. ಕರುಣೆಯ ಆ ಒಂದು ಪದ ನೆರೆಮನೆಯನ್ನು ಧರ್ಮಛತ್ರವಾಗಿಸುತ್ತದೆ. ಮುಂದೆ ಆ ಪತ್ರವನ್ನು ಓದುವ ಮಗುವಿಗೂ ನೋವಾಗುತ್ತದೆ.

200 ರೂಪಾಯಿ, ಜನವರಿ 31, ವಾಚನಾಲಯ, ಈ ಮೂರು ಮಾತ್ರ ಎರಡೂ ಕಡೆ ಕೂದಲೆಳೆಯಷ್ಟೂ ಬದಲಾಗಕೂಡದು.

ಮುದ್ರಣಕ್ಕೆ ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಬಹುದು. ಕನ್ನಡ ಮನವಿಯನ್ನು ನೋಡದೆ ಇರುವ ವಿದ್ಯಾರ್ಥಿಯೊಬ್ಬನಿಗೆ ಇಂಗ್ಲಿಷ್ ಪ್ರತಿಯನ್ನು ಕೊಟ್ಟು, ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಹೇಳಿಸಿರಿ. ಅವನು 'ಹಣ ಕಟ್ಟಬೇಕಂತೆ' ಎಂದರೆ ಆಜ್ಞೆ ಉಳಿದಿದೆ; 'ಪಾಪ, ಸಹಾಯ ಮಾಡಿರಂತೆ' ಎಂದರೆ ಕರುಣೆ ನುಸುಳಿದೆ; 'ಹಬ್ಬಕ್ಕೆ ಒಂದು ಪುಸ್ತಕ ಕೊಡ್ತೀರಾ ಅಂತ ಕೇಳಿದ್ದಾರೆ' ಎಂದರೆ ಅಚ್ಚಿಗೆ ಕಳುಹಿಸಬಹುದು.