ಭಾಷೆ ಮೂರು, ಬೀಗ ಒಂದೇ: ತರಬೇತಿ ಕೈಪಿಡಿಯ ಪದಪಟ್ಟಿಗೆ ಏಳು ಸೂತ್ರಗಳು

ಪೀಣ್ಯದಂಥ ಕಡೆಯ ಒಂದು ಶೀಟ್ ಮೆಟಲ್ ಘಟಕವನ್ನು ತೆಗೆದುಕೊಳ್ಳಿ. ಪವರ್ ಪ್ರೆಸ್‌ಗಳ ಮುಂದೆ ಕನ್ನಡದವರು, ತಮಿಳರು, ಉತ್ತರದಿಂದ ಬಂದ ಹಿಂದಿಯವರು ಒಂದೇ ಪಾಳಿಯಲ್ಲಿ ನಿಂತಿರುತ್ತಾರೆ. ಇಂಗ್ಲಿಷಿನಲ್ಲಿ ಬರೆದ ತರಬೇತಿ ಕೈಪಿಡಿಯನ್ನು ಮೂವರು ಅನುವಾದಕರು ಒಬ್ಬರನ್ನೊಬ್ಬರು ನೋಡದೆಯೇ ಮೂರು ಭಾಷೆಗೆ ತರುತ್ತಾರೆ. ಅಲ್ಲಿ ಹೆಚ್ಚು ಎಡವುವುದು ಲೋಟೋ ಅಧ್ಯಾಯದಲ್ಲಿ. ರಿಪೇರಿಗೆ ಕೈ ಹಾಕುವ ಮುನ್ನ ಯಂತ್ರಕ್ಕೆ ಬರುವ ವಿದ್ಯುತ್ತು, ಗಾಳಿ ಎಲ್ಲವನ್ನೂ ಕಡಿದು, ಬೀಗ ಹಾಕಿ, ಟ್ಯಾಗ್ ಕಟ್ಟುವ ಕ್ರಮ ಅದು. ಈ ಸೂತ್ರಗಳೆಲ್ಲ ಅದೇ ಅಧ್ಯಾಯವನ್ನು ಮುಂದಿಟ್ಟುಕೊಂಡು ಹೇಳುವಂಥವು.

1. ಒಂದು ಅಧ್ಯಾಯ, ಮೂವತ್ತು-ನಲವತ್ತು ಪದ. ಅಷ್ಟರಿಂದ ಶುರು ಮಾಡಿ.
ಇಡೀ ಕೈಪಿಡಿಯಿಂದ ಐನೂರು ಪದ ಎತ್ತಿಟ್ಟರೆ ಆ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ. ಆಯ್ಕೆಗೆ ಎರಡೇ ಪ್ರಶ್ನೆ ಸಾಕು. ಈ ಪದ ತಪ್ಪಾಗಿ ತಿಳಿದರೆ ಯಾರಿಗಾದರೂ ಏಟಾಗುತ್ತದೆಯೇ? ಇಬ್ಬರು ಅನುವಾದಕರು ಇದನ್ನು ಎರಡು ಥರ ಬರೆಯಬಹುದೇ? ‘ಕ್ಯಾಂಟೀನ್’, ‘ಹಾಜರಿ’ ಇಂಥವಕ್ಕೆ ಪಟ್ಟಿಯಲ್ಲಿ ಜಾಗ ಬೇಡ.

2. ಅನುವಾದಕ್ಕೆ ಮೊದಲು ಇಂಗ್ಲಿಷನ್ನು ತಿದ್ದಿ.
ಗೊಂದಲದ ಬೇರು ಬಹಳ ಸಲ ಮೂಲದಲ್ಲೇ ಇರುತ್ತದೆ. ಒಂದು ಪುಟದಲ್ಲಿ ‘ಸ್ವಿಚ್ ಆಫ್’, ಮುಂದಿನದರಲ್ಲಿ ‘ಡಿಸ್‌ಕನೆಕ್ಟ್’, ಆಮೇಲೆ ‘ಐಸೊಲೇಟ್’ ಎಂದಿರುತ್ತದೆ. ಬರೆದವರ ಮನಸ್ಸಿನಲ್ಲಿ ಇವು ಒಂದೇ ಕೆಲಸವೋ ಮೂರೋ ಎಂಬುದು ಅನುವಾದಕರಿಗೆ ಹೇಗೆ ತಿಳಿಯಬೇಕು? ಕನ್ನಡದವರು ಮೂರನ್ನೂ ‘ಆಫ್ ಮಾಡಿ’ ಎಂದು ಬರೆದುಬಿಡುತ್ತಾರೆ.

ಈ ಮೂರು ಒಂದಲ್ಲ. ಸ್ಟಾಪ್ ಬಟನ್ ಒತ್ತಿದರೆ ಪ್ರೆಸ್ಸಿನ ಮೋಟಾರು ನಿಲ್ಲುತ್ತದೆ, ಆದರೆ ಪ್ಯಾನೆಲ್ಲಿಗೆ ಕರೆಂಟು ಬರುತ್ತಲೇ ಇರುತ್ತದೆ. ಫ್ಲೈವೀಲ್ ಇನ್ನೂ ತಿರುಗುತ್ತಿರುತ್ತದೆ, ಏರ್ ಲೈನಿನಲ್ಲಿ ಒತ್ತಡ ಹಾಗೇ ಉಳಿದಿರುತ್ತದೆ. ಅಮೆರಿಕದ ಓಷಾ ನಿಯಮ 1910.147 ಪುಶ್ ಬಟನ್ನು, ಸೆಲೆಕ್ಟರ್ ಸ್ವಿಚ್ಚುಗಳನ್ನು ಶಕ್ತಿ ಕಡಿಯುವ ಸಾಧನಗಳ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಪಟ್ಟಿಯ ಪ್ರತಿ ಸಾಲೂ ಒಂದು ಕ್ರಮಸಂಖ್ಯೆ, ಒಂದು ವಾಕ್ಯದ ವಿವರಣೆಯಿಂದ ಆರಂಭವಾಗಲಿ, ಸಾಧ್ಯವಾದರೆ ಪಕ್ಕದಲ್ಲಿ ಫೋಟೊ ಇರಲಿ. ‘ನಿಲ್ಲಿಸು: ಬಟನ್ ಒತ್ತಿ ಯಂತ್ರದ ಓಟ ತಡೆಯುವುದು.’ ‘ಐಸೊಲೇಟ್ ಮಾಡು: ಐಸೊಲೇಟರ್ ಅಥವಾ ವಾಲ್ವಿನಿಂದ ಶಕ್ತಿ ಬರುವ ದಾರಿಯನ್ನೇ ಕಡಿಯುವುದು.’ ಭಾಷೆಗಳ ಅಂಕಣಗಳು ಇದರ ನಂತರ. ವಿವರಣೆ ಬರೆಯಲು ಬರದಿದ್ದರೆ ಆ ಪದ ಅನುವಾದಕ್ಕೆ ಇನ್ನೂ ಹಣ್ಣಾಗಿಲ್ಲ ಎಂದೇ ಅರ್ಥ.

3. ಬಳಸಬಾರದ ಪದಗಳಿಗೂ ಒಂದು ಅಂಕಣ ಕೊಡಿ.
ನನ್ನ ಮಟ್ಟಿಗೆ ಪಟ್ಟಿಯ ಅತ್ಯಂತ ಬೆಲೆಬಾಳುವ ಅಂಕಣ ಇದೇ. ‘ಲಾಕೌಟ್’ ಪದವನ್ನೇ ನೋಡಿ. ನಮ್ಮ ಕಾರ್ಮಿಕರ ಕಿವಿಗೆ ಅದು ಮಾಲೀಕರು ಕಾರ್ಖಾನೆ ಮುಚ್ಚುವುದು; 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಆ ಪದಕ್ಕಿದ್ದದ್ದು ಅದೇ ಅರ್ಥ. ನಿಘಂಟು ನೋಡಿ ಹಿಂದಿಗೆ ‘ತಾಲಾಬಂದಿ’, ತಮಿಳಿಗೆ ‘ಕದವಡೈಪ್ಪು’ ಎಂದು ಹಾಕಿದರೂ ಕತೆ ಅಷ್ಟೇ. ‘ರಿಪೇರಿಗೆ ಮುನ್ನ ಲಾಕೌಟ್ ಘೋಷಿಸಿ’ ಎಂಬ ಸಾಲನ್ನು ಓದಿದ ಯೂನಿಯನ್‌ನವರ ಮುಖ ನೀವೇ ಊಹಿಸಿಕೊಳ್ಳಿ.

ಪಟ್ಟಿಯಲ್ಲಿ ಈ ಪದದ ಸಾಲನ್ನು ಹೀಗೆ ತುಂಬಬಹುದು. ಕ್ರಿಯೆ ಮೂರೂ ಭಾಷೆಯಲ್ಲಿ ‘ಲೋಟೋ’, ಏಕೆಂದರೆ ಮೇಂಟೆನೆನ್ಸ್‌ನವರ ಬಾಯಲ್ಲಿ ಅದು ಆಗಲೇ ಇದೆ. ವಸ್ತು ಕನ್ನಡದಲ್ಲಿ ‘ಲೋಟೋ ಬೀಗ’, ಹಿಂದಿಯಲ್ಲಿ ‘ಲೋಟೋ ತಾಲಾ’, ತಮಿಳಿನಲ್ಲಿ ‘ಲೋಟೋ ಪೂಟ್ಟು’. ಬಳಸಬಾರದವು: ಲಾಕೌಟ್, ಬೀಗಮುದ್ರೆ, ತಾಲಾಬಂದಿ, ಕದವಡೈಪ್ಪು. ಪಕ್ಕದಲ್ಲಿ ಕಾರಣವನ್ನೂ ಅರ್ಧ ಸಾಲು ಬರೆದಿಡಿ. ಕಾರಣ ಬರೆಯದಿದ್ದರೆ ಮುಂದಿನ ವರ್ಷ ಬರುವ ಹೊಸ ಅನುವಾದಕರು ‘ಶುದ್ಧ ಪದ ಹಾಕೋಣ’ ಎಂದು ಮತ್ತೆ ಅಲ್ಲಿಗೇ ಹೋಗುತ್ತಾರೆ.

ಓಷಾ ನಿಯಮದ ‘ಅಫೆಕ್ಟೆಡ್ ಎಂಪ್ಲಾಯಿ’ಗೂ ಇದೇ ಗತಿ. ಬೀಗ ಬಿದ್ದ ಯಂತ್ರವನ್ನು ದಿನವೂ ನಡೆಸುವ ಆಪರೇಟರ್, ಇಲ್ಲವೇ ಆ ಜಾಗದಲ್ಲಿ ಕೆಲಸ ಮಾಡುವವನು ಅವನು. ‘ಬಾಧಿತ ನೌಕರ’ ಎಂದು ಬರೆದರೆ ಪೆಟ್ಟು ತಿಂದು ಆಸ್ಪತ್ರೆ ಸೇರಿದವನಂತೆ ಕೇಳುತ್ತದೆ. ‘ಆ ಯಂತ್ರದ ಆಪರೇಟರ್ ಅಥವಾ ಅಲ್ಲಿ ಕೆಲಸ ಮಾಡುವವರು’ ಎಂದರೆ ಮುಗಿಯಿತು.

4. ಪದವನ್ನು ಕೆಲಸದಿಂದ ಪರೀಕ್ಷಿಸಿ.
‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಪ್ರತಿ ಭಾಷೆಯಿಂದ ಇಬ್ಬರನ್ನು, ಒಬ್ಬ ಹಳಬ ಒಬ್ಬ ಹೊಸಬನನ್ನು, ಯಂತ್ರದ ಬಳಿ ಕರೆದುಕೊಂಡು ಹೋಗಿ. ಯಂತ್ರ ಮೊದಲೇ ಸುರಕ್ಷಿತವಾಗಿ ಬಂದ್ ಆಗಿರಲಿ, ಸೂಪರ್‌ವೈಸರ್ ಜೊತೆಗಿರಲಿ. ವಾಕ್ಯ ಓದಿ ಹೇಳಿ, ಯಾವುದಕ್ಕೆ ಕೈ ಹೋಗುತ್ತದೆ ನೋಡಿ. ‘ಐಸೊಲೇಟ್ ಮಾಡಿ’ ಎಂದಾಗ ಕೈ ಕೆಂಪು ಬಟನ್ನಿನತ್ತ ಹೋದರೆ ಪದ ಸೋತಿತು, ಮನುಷ್ಯನಲ್ಲ. ಫಿಟ್ಟರುಗಳು ‘ಮೇನ್ ತೆಗಿ’ ಎಂದೇ ಮಾತಾಡುವ ಕಡೆ ಆ ಮಾತನ್ನೇ ವಿವರಣೆಯಲ್ಲಿ ಸೇರಿಸಬಹುದು. ಆದರೆ ಗಾಳಿಯ ವಾಲ್ವಿಗೆ ಅದು ಹೊಂದುವುದಿಲ್ಲ, ಅದನ್ನು ಬೇರೆಯಾಗಿಯೇ ಹೇಳಬೇಕು.

5. ಎಚ್ಚರಿಕೆಯ ಮೂರು ಮೆಟ್ಟಿಲು ಎಲ್ಲ ಭಾಷೆಯಲ್ಲೂ ಮೂರೇ ಇರಲಿ.
ಅಮೆರಿಕದ ಆನ್ಸಿ ಜ಼ಡ್535 ಮಾನದಂಡದಲ್ಲಿ ‘ಡೇಂಜರ್’ ಎಂದರೆ ತಪ್ಪಿಸದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗಿಯೇ ಆಗುತ್ತದೆ. ‘ವಾರ್ನಿಂಗ್’ ಎಂದರೆ ಆಗಬಹುದು. ‘ಕಾಶನ್’ ಎಂದರೆ ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು. ಕನ್ನಡದಲ್ಲಿ ಅಪಾಯ, ಎಚ್ಚರಿಕೆ, ಜಾಗ್ರತೆ ಎಂದು ಹಂಚಬಹುದು. ಎಚ್ಚರಿಕೆ ದೊಡ್ಡದೋ ಜಾಗ್ರತೆ ದೊಡ್ಡದೋ ಎಂದು ಓದುಗರಿಗೆ ತಾನಾಗಿ ಹೊಳೆಯುವುದಿಲ್ಲ. ಅದಕ್ಕೇ ಕೆಂಪು, ಕಿತ್ತಳೆ, ಹಳದಿ ಬಣ್ಣಗಳನ್ನೂ ಪದದ ಜೊತೆಗೇ ಪಟ್ಟಿಯಲ್ಲಿ ಬರೆದಿಡಬೇಕು. ಮುಂದೆ ತೆಲುಗು ಸೇರಿದರೆ ಇನ್ನೊಂದು ಜೋಪಾನ: ಅಲ್ಲಿ ‘ಪ್ರಮಾದಂ’ ಅಪಾಯ, ನಮ್ಮಲ್ಲಿ ಪ್ರಮಾದ ಎಂದರೆ ತಪ್ಪು.

6. ಹುಡುಕಿದರೆ ಸಿಗುವಂತೆ ಬರೆಯಿಸಿ.
ಪಟ್ಟಿಯಂತೆ ಕೈಪಿಡಿ ಇದೆಯೇ ಎಂದು ನೋಡುವ ಸುಲಭ ದಾರಿ, ಬಳಸಬಾರದ ಪದಗಳನ್ನು ಒಂದೊಂದಾಗಿ ಹುಡುಕುವುದು. ಕನ್ನಡದಲ್ಲಿ ಇದಕ್ಕೆ ಅಡ್ಡಿಗಳು ಹಲವು. ನುಡಿಯ ಹಳೆಯ ಫಾಂಟಿನಲ್ಲಿ ಟೈಪಾದ ಕಡತದೊಳಗೆ ಇರುವುದು ಕನ್ನಡ ಅಕ್ಷರವೇ ಅಲ್ಲ, ಹುಡುಕಾಟ ಸುಮ್ಮನೆ ‘ಇಲ್ಲ’ ಎನ್ನುತ್ತದೆ. ಯೂನಿಕೋಡ್ ಕಡತ ಮಾತ್ರ ತೆಗೆದುಕೊಳ್ಳುವುದೆಂದು ಅನುವಾದಕರಿಗೆ ಮೊದಲೇ ಹೇಳಿಬಿಡಿ. ‘ಸ್ವಿಚ್‌ಗೇರ್’, ‘ಸ್ವಿಚ್ಗೇರ್’ ಕಂಪ್ಯೂಟರಿಗೆ ಎರಡು ಬೇರೆ ಪದಗಳು, ಪಟ್ಟಿಯಲ್ಲಿರುವ ಕಾಗುಣಿತವೇ ಅಂತಿಮ. ವಿಭಕ್ತಿಯೂ ಆಟ ಆಡಿಸುತ್ತದೆ: ‘ಬೀಗಮುದ್ರೆ’ ಎಂದು ಹುಡುಕಿದರೆ ‘ಬೀಗಮುದ್ರೆಯನ್ನು’ ಸಿಗುತ್ತದೆ, ‘ಬೀಗಗಳಿಗೆ ಮುದ್ರೆ’ ಸಿಗುವುದಿಲ್ಲ. ಕೊನೆಗೆ ಒಬ್ಬರು ಕಣ್ಣಿಟ್ಟು ಓದಲೇಬೇಕು.

ಪ್ಯಾನೆಲ್ ಮೇಲೆ ಅಚ್ಚಾಗಿರುವ `RESET`, `EMERGENCY STOP` ಮುಂತಾದವನ್ನು ಹಾಗೆಯೇ ಇಂಗ್ಲಿಷಿನಲ್ಲಿ ಕೊಡಿ, ಅರ್ಥವನ್ನು ಮುಂದೆ ಬರೆಯಿರಿ. ಕೆಲಸಗಾರನ ಕಣ್ಣು ಹುಡುಕುವುದು ಆ ಬಟನ್ನಿನ ಮೇಲಿರುವುದನ್ನೇ.

7. ಬದಲಿಸುವ ಅಧಿಕಾರ ಒಬ್ಬರಿಗೇ ಕೊಡಿ.
ಸಾಮಾನ್ಯವಾಗಿ ಸೇಫ್ಟಿ ಆಫೀಸರ್ ಇದಕ್ಕೆ ಸರಿ. ಭಾಷೆಗೊಬ್ಬರು ಅವರಿಗೆ ಸಲಹೆ ಕೊಡಲಿ. ಪಟ್ಟಿ ಎಕ್ಸೆಲ್ ಹಾಳೆಯಲ್ಲಿದ್ದರೂ ನಡೆಯುತ್ತದೆ, ಎಲ್ಲರೂ ನೋಡುವುದು ಒಂದೇ ಪ್ರತಿಯಾಗಿದ್ದರೆ ಸಾಕು. ವಾಟ್ಸ್ಯಾಪಿನಲ್ಲಿ ಹರಿದಾಡುವ ಐದು ಪ್ರತಿಗಳಿಗಿಂತ ಪಟ್ಟಿ ಇಲ್ಲದಿರುವುದೇ ವಾಸಿ. ಪದವೊಂದು ಬದಲಾದಾಗ ದಿನಾಂಕ, ಹಳೆಯ ಪದ, ಅದು ಬರುವ ಪುಟಗಳನ್ನು ಅದೇ ಸಾಲಿನಲ್ಲಿ ದಾಖಲಿಸಿ. ಹಳೆಯ ಪದವನ್ನು ಅಳಿಸಬೇಡಿ, ‘ಬಳಸಬಾರದ’ ಅಂಕಣಕ್ಕೆ ಸರಿಸಿ. ಬೋರ್ಡುಗಳನ್ನು, ಟ್ಯಾಗುಗಳನ್ನು ಮರೆಯುವುದು ಬಹಳ ಸಾಮಾನ್ಯ. ಕೈಪಿಡಿಯಲ್ಲಿ ‘ಲೋಟೋ ಬೀಗ’ ಬಂದ ಮೇಲೂ ಗೋಡೆಯ ಮೇಲೆ ‘ಲಾಕೌಟ್ ಬೀಗ’ ತೂಗುತ್ತಿದ್ದರೆ, ರಾತ್ರಿ ಪಾಳಿಯ ಹೊಸ ಹುಡುಗ ನಂಬುವುದು ಗೋಡೆಯನ್ನೇ.