ಕ್ಯಾಶ್, ಕುಕೀ, ಸೈಟ್ ಡೇಟಾ: ಯಾವುದನ್ನು ಅಳಿಸಿದರೆ ಏನಾಗುತ್ತದೆ?

ಚುಂಚನಕಟ್ಟೆಯ ಅಭ್ಯರ್ಥಿಯೊಬ್ಬರು ಲ್ಯಾಪ್‌ಟಾಪ್‌ನಲ್ಲಿ ಕೆಪಿಎಸ್‌ಸಿ ಜಾಲತಾಣ ತೆರೆಯುತ್ತಾರೆ ಎಂದುಕೊಳ್ಳೋಣ. ಹೊಸ ಅಧಿಸೂಚನೆ ಹೊರಬಿದ್ದಿದೆ, ಪರದೆಯಲ್ಲಿ ಮಾತ್ರ ಹಳೆಯ ಪುಟವೇ ಇದೆ. ಇದು ಕ್ಯಾಶ್‌ನಿಂದ ಆಗಿರಬಹುದು. ಪುಟ ಬೇಗ ತೆರೆಯಲೆಂದು ಬ್ರೌಸರ್ ಚಿತ್ರ, ವಿನ್ಯಾಸ, ಕೋಡ್‌ಗಳ ಪ್ರತಿಯನ್ನು ಡಿಸ್ಕ್‌ನಲ್ಲಿ ಇಟ್ಟುಕೊಂಡಿರುತ್ತದೆ. ಕ್ರೋಮ್‌ನಲ್ಲಿ Ctrl+Shift+R ಒತ್ತಿದರೆ ಆ ಪುಟವೊಂದೇ ಹೊಸದಾಗಿ ಬರುತ್ತದೆ. ಇಡೀ ಕ್ಯಾಶ್ ಅಳಿಸಿದರೂ ಲಾಗಿನ್ ಉಳಿಯುತ್ತದೆ. ಮೊದಲ ಸಲ ಪುಟಗಳು ನಿಧಾನವಾಗಿ ತೆರೆದು ಡೇಟಾ ಹೆಚ್ಚು ಖರ್ಚಾಗುತ್ತದೆ, ಅಷ್ಟೆ.

ಕುಕೀ ಬೇರೆಯದೇ ವಸ್ತು.

1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ರೂಪಿಸಿದ ಈ ಪುಟ್ಟ ಪಠ್ಯ, ಬಂದವರು ಯಾರೆಂದು ಜಾಲತಾಣಕ್ಕೆ ನೆನಪಿಸುವ ಗುರುತಿನ ಚೀಟಿ. ಅದನ್ನು ಅಳಿಸಿದರೆ ಲಾಗಿನ್ ಕಳಚುತ್ತದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಪುಟವೇ ಮತ್ತೆ ಮತ್ತೆ ಬಂದರೆ, ಕೆಟ್ಟ ಕುಕೀ ಕಾರಣವಿರಬಹುದು. ಆ ಒಂದು ತಾಣದ ಕುಕೀ ಅಳಿಸಿ ನೋಡಬೇಕು.

ಸೈಟ್ ಡೇಟಾ ಎಂದರೆ ಲೋಕಲ್ ಸ್ಟೋರೇಜ್, ಇಂಡೆಕ್ಸ್‌ಡ್ ಡಿಬಿ ಮುಂತಾದವು. ಅರ್ಧ ತುಂಬಿದ ಅರ್ಜಿಯನ್ನು ತಾಣ ಇಲ್ಲಿಯೇ ಇಟ್ಟಿದ್ದರೆ, ಅಳಿಸಿದೊಡನೆ ಅದು ಮಾಯ. ಸರ್ವರ್‌ಗೆ ಸಲ್ಲಿಸಿದ ಅರ್ಜಿಗೆ, ಡೌನ್‌ಲೋಡ್ ಮಾಡಿದ ಪ್ರವೇಶಪತ್ರಕ್ಕೆ ಏನೂ ಆಗದು.

ಪರೀಕ್ಷೆಯಲ್ಲಿ ಎಡವಿಸುವ ಅಂಶ: ಸರ್ವಿಸ್ ವರ್ಕರ್ ಬಳಸುವ ‘ಕ್ಯಾಶ್ ಸ್ಟೋರೇಜ್’ ಹೆಸರಿಗೆ ಕ್ಯಾಶ್ ಆದರೂ, ಕ್ರೋಮ್‌ನಲ್ಲಿ ಸೈಟ್ ಡೇಟಾ ಜೊತೆಗೇ ಅಳಿಯುತ್ತದೆ.